ಗಾಂಧಾರ ಅಜ್ಜನಿಗೆ ಬಿಡಿ

ನ್ಯಾಮತಿಯಿಂದ ಬಂದ ನನ್ನ ಅಕ್ಕನ ಮಗ ಗಿಟಾರ್ ಹೆಗಲಿಗೆ ಹಾಕಿಕೊಂಡು ಹೊನ್ನಾಳಿಯ ಭಜನೆ ಮನೆಯೊಳಗೆ ಕಾಲಿಟ್ಟಾಗ ಅಲ್ಲಿದ್ದವರು ಯಾರೂ ಹುಬ್ಬೇರಿಸಲಿಲ್ಲ. ಜಾತ್ರೆಯ ಆರ್ಕೆಸ್ಟ್ರಾದಲ್ಲಿ ಗಿಟಾರ್ ನೋಡಿ ನೋಡಿ ಹಳತಾಗಿದೆ. ತತ್ವಪದ ಹಾಡುವ ಅಜ್ಜ ಏಕತಾರಿ ಮೀಟುತ್ತ, 'ಕುಂದ್ರು ತಮ್ಮಾ, ನಿನ್ನ ತಂತಿನೂ ಸೇರಿಸು' ಎಂದರು. ಹುಡುಗ ಸೇರಿಸಿದ. ಎರಡನೇ ಸಾಲಿಗೆ ಅಜ್ಜ ಹಾಡು ನಿಲ್ಲಿಸಿ ಕಿವಿ ತಿಕ್ಕಿಕೊಂಡರು.

ತಪ್ಪು ಯಾರದು? ಈ ಪ್ರಶ್ನೆಗೆ ಉತ್ತರ ಹುಡುಕುವಷ್ಟರಲ್ಲಿ ಆ ಸಂಜೆ ಮುಗಿದಿತ್ತು.

ಮೊದಲು ಶ್ರುತಿ. ಅಜ್ಜನ ದನಿ ಹಾರ್ಮೋನಿಯಂನ ಕಪ್ಪು ಒಂದರಲ್ಲಿ ಕೂರುತ್ತದೆ. ಗಿಟಾರಿನ ಬಿಟ್ಟ ತಂತಿಗಳು ಆ ಶ್ರುತಿಗೆ ಒಗ್ಗುವುದಿಲ್ಲ. ಇದಕ್ಕೆ ಮದ್ದು ಸುಲಭ: ನಾಲ್ಕನೇ ಫ್ರೆಟ್‌ಗೆ ಕೇಪೋ ಎಂಬ ಚಿಮಟ ಹಾಕಿದರೆ ಐದನೇ ತಂತಿ ಬಿಟ್ಟಾಗಲೇ ಅಜ್ಜನ ಷಡ್ಜ, ಆರನೇ ತಂತಿ ಅದರ ಕೆಳಗಿನ ಪಂಚಮ ಆಗಿಬಿಡುತ್ತದೆ. ಹುಡುಗ ಅದನ್ನು ಮಾಡಿದ. ಆದರೂ ಕಿವಿಗೆ ಕಸ ಬಿದ್ದ ಹಾಗೆ.

ಕಸ ಇದ್ದದ್ದು ಗಾಂಧಾರದಲ್ಲಿ. ಹುಡುಗ ಕಲಿತದ್ದು ಪೂರ್ತಿ ಮೇಜರ್ ಕಾರ್ಡ್. ಅದರಲ್ಲಿ ಸ, ಗ, ಪ ಮೂರೂ ಒಟ್ಟಿಗೆ ಮೊಳಗುತ್ತವೆ, ಗ ಎಂದರೆ ಅಂತರ ಗಾಂಧಾರ. ಅಜ್ಜನ ಗಾಂಧಾರವೋ ಒಮ್ಮೆ ಸಾಧಾರಣದ ಕಡೆ ವಾಲುತ್ತದೆ, ಒಮ್ಮೆ ಅಂತರದ ಕಡೆ ಏರುತ್ತದೆ, ಬಹಳ ಸಲ ಎರಡರ ನಡುವೆ ತೂಗುತ್ತದೆ. ಆ ತೂಗಾಟದಲ್ಲೇ ಪದದ ನೋವು ಇರುವುದು. ಗಿಟಾರಿನ ಕಂಬಿ ಅಲ್ಲಾಡುವುದಿಲ್ಲ. ಹಾಗಾಗಿ ಅಜ್ಜ ಪ್ರತಿ ಸಲ ಗಾಂಧಾರಕ್ಕೆ ಬಂದಾಗಲೂ ಗಿಟಾರ್ ಎದುರು ಸಾಕ್ಷಿ ಹೇಳಿದಂತಾಗುತ್ತಿತ್ತು.

ಇದಕ್ಕೆ ಪರಿಹಾರ ರಾಕ್ ಸಂಗೀತದ ಒಳಗೇ ಇದೆ. ಗಿಟಾರಿನ ದನಿಯನ್ನು ಡಿಸ್ಟಾರ್ಷನ್ ಹಾಕಿ ಒರಟು ಮಾಡಿದಾಗ ಗಾಂಧಾರ ಸೇರಿದ ಕಾರ್ಡ್ ಕಲಸುಮೇಲೋಗರ ಆಗುತ್ತದೆ. ಹಾಗಾಗಿ ರಾಕ್ ವಾದಕರು ಗಾಂಧಾರ ಬಿಟ್ಟು ಸ ಮತ್ತು ಪ ಎರಡನ್ನೇ ಬಾರಿಸುವುದನ್ನು ರೂಢಿ ಮಾಡಿಕೊಂಡರು. ಅದಕ್ಕೆ ಪವರ್ ಕಾರ್ಡ್ ಎನ್ನುತ್ತಾರೆ. ಸ ಮತ್ತು ಪ! ನಮ್ಮ ತಂಬೂರಿ ಇನ್ನೇನು ಹೇಳುತ್ತದೆ? ನನ್ನ ಮಟ್ಟಿಗೆ ರಾಕ್ ಮತ್ತು ಜಾನಪದ ಒಂದಾಗುವ ಬಾಗಿಲು ಇಷ್ಟೇ ಅಗಲ. ಸಿನಿಮಾ ಹಾಡಿನ ತುಂಬು ಕಾರ್ಡ್‌ಗಳಿಗಿಂತ ಗಂಟಲು ಹರಿಯುವ ಎಲೆಕ್ಟ್ರಿಕ್ ಗಿಟಾರೇ ಏಕತಾರಿಗೆ ಹತ್ತಿರದ ನೆಂಟ.

ಹುಡುಗನಿಗೆ ಮೇಲಿನ ತಂತಿಗಳನ್ನು ಮುಟ್ಟಬೇಡ ಎಂದೆ. ಅಜ್ಜ ಮತ್ತೆ ಶುರು ಮಾಡಿದರು. ಈ ಸಲ ನಿಲ್ಲಿಸಲಿಲ್ಲ. ಮುಗಿದ ಮೇಲೆ, 'ಈಗ ನೀನು ಶ್ರುತಿ ಹಿಡದೆ ನೋಡು, ಹಾಡು ನಂದೇ ಉಳೀತು' ಎಂದರು.

ಇದೇ ಕಗ್ಗಂಟನ್ನು ಬೇರೆ ನಾಡಿನವರೂ ಬಿಡಿಸಿದ್ದಾರೆ. ಟರ್ಕಿಯಲ್ಲಿ ಹುರಿಯೆತ್ ಪತ್ರಿಕೆ 1965ರಲ್ಲಿ 'ಚಿನ್ನದ ಮೈಕ್ರೋಫೋನ್' ಎಂಬ ಸ್ಪರ್ಧೆ ಇಟ್ಟಿತು. ಪಾಶ್ಚಾತ್ಯ ವಾದ್ಯ ಇಟ್ಟುಕೊಂಡು ಟರ್ಕಿ ಭಾಷೆಯಲ್ಲಿ ಹಾಡಬೇಕು. (ಪತ್ರಿಕೆಯವರು ಅಂಕಣ ಬರೆಸುವುದಷ್ಟೇ ಅಲ್ಲ, ಹೀಗೂ ಕೆಲಸಕ್ಕೆ ಬರುತ್ತಾರೆ.) ಅನಟೋಲಿಯನ್ ರಾಕ್ ಬೆಳೆದ ಆ ಕಾಲದಲ್ಲಿ ಎರ್ಕಿನ್ ಕೊರಾಯ್ ಗಿಟಾರನ್ನು ಬಗ್ಗಿಸುವುದರ ಜೊತೆಗೆ ಬಾಗ್ಲಾಮಾ ಎಂಬ ಹಳ್ಳಿಯ ತಂತಿವಾದ್ಯಕ್ಕೇ ವಿದ್ಯುತ್ ಕೊಟ್ಟರು. ಅದರ ಕಟ್ಟುಗಳನ್ನು ಸರಿಸಬಹುದು, ಗಿಟಾರಿನಲ್ಲಿಲ್ಲದ ನಡುವಿನ ಸ್ವರಗಳು ಅಲ್ಲಿವೆ. ಜಿಂಬಾಬ್ವೆಯ ಥಾಮಸ್ ಮಾಪ್ಫುಮೊ ಅವರ ತಂಡದ ಗಿಟಾರ್‌ವಾದಕರು ಉಲ್ಟಾ ದಾರಿ ಹಿಡಿದರು. ತಂತಿಯನ್ನು ಅಂಗೈಯಿಂದ ಅದುಮಿ, ಕಬ್ಬಿಣದ ಪಟ್ಟಿಗಳನ್ನು ಹೆಬ್ಬೆರಳಿನಿಂದ ನುಡಿಸುವ ಎಂಬಿರಾದ ಟಿಕ್ ಟಿಕ್ ದನಿಯನ್ನು ಗಿಟಾರಿನಿಂದ ಹೊರಡಿಸಿದರು. ಎರಡೂ ಕಡೆ ಬಗ್ಗಿದ್ದು ವಾದ್ಯ.

ನಮ್ಮಲ್ಲಿ ಈ ಮಾತಿಗೆ ಎಲ್ಲರೂ ನೆನೆಯುವುದು ರಘು ದೀಕ್ಷಿತ್ ಅವರನ್ನು. 2008ರ ಅವರ ಮೊದಲ ಆಲ್ಬಂನಲ್ಲಿ ಶಿಶುನಾಳ ಶರೀಫರ 'ಗುಡುಗುಡಿಯ ಸೇದಿ ನೋಡೋ' ಬಂದಾಗ ಕಾಲೇಜು ಹುಡುಗರ ಬಾಯಲ್ಲಿ ಶರೀಫರು ನಲಿದರು. ಶಿಶುನಾಳ ನಮಗೆ ದೂರವಲ್ಲ, ಪಕ್ಕದ ಹಾವೇರಿ ಜಿಲ್ಲೆ. ಶರೀಫರನ್ನು ಮನೆಮನೆಗೆ ಮುಟ್ಟಿಸಿದವರು ಅದಕ್ಕೂ ಮುಂಚೆ ಸಿ. ಅಶ್ವತ್ಥ್. ಅವರ ಧಾಟಿ ಎಷ್ಟು ನೆಲೆಯೂರಿದೆಯೆಂದರೆ, ಶರೀಫರೇ ಹಾಗೆ ಹಾಡಿದ್ದರೆಂದು ನಂಬಿದವರು ನಮ್ಮ ಚನ್ನಗಿರಿಯಲ್ಲಿ ಬೇಕಾದಷ್ಟು ಜನ ಸಿಗುತ್ತಾರೆ. ರಘು ಅವರ ಹಾಡಿನಲ್ಲಿ ನನಗೆ ಹಿಡಿಸುವುದು ಗಿಟಾರ್ ಹಾಡಿಗೆ ನೆಲವಾಗಿ ನಿಲ್ಲುವ ರೀತಿ. ಹಿಡಿಸದ್ದು ಒಂದೇ, ಎಲ್ಲ ಸಾಲೂ ಅಳತೆಗೆ ಕೂತಿರುವುದು. ಅದಕ್ಕೂ ಕಾರಣವಿದೆ.

ಭಜನೆ ಮನೆಯಲ್ಲಿ ಒಂದು ಸಾಲನ್ನು ಎಷ್ಟು ಸಲ ತಿರುಗಿಸಬೇಕೆಂದು ಯಾರೂ ಮೊದಲೇ ಗೊತ್ತು ಮಾಡುವುದಿಲ್ಲ. ಸೊಲ್ಲು ಹಿಡಿಯುವವರಿಗೆ ರುಚಿ ಹತ್ತಿದರೆ ಐದು ಸಲ, ಇಲ್ಲದಿದ್ದರೆ ಎರಡೇ. ಡ್ರಮ್ಸ್ ಬಾರಿಸುವವನು ಎಂಟು ಸುತ್ತು ಎಣಿಸಿ ಮುಂದೆ ಹೋದನೋ, ಅಜ್ಜ ಹಿಂದೆಯೇ ಉಳಿದರು. ಜೊತೆಗೆ ನಡೆಯ ಗೊಡವೆ ಬೇರೆ. ನಮ್ಮ ಎಷ್ಟೋ ಪದಗಳು 'ತಕಿಟ ತಕಿಟ' ಎಂದು ಮೂರರ ಗಂಟಿನಲ್ಲಿ ಆರು ಮಾತ್ರೆಗೆ ತೂಗುತ್ತವೆ. ರಾಕ್ ಡ್ರಮ್ಮರ್‌ನ ಕೈಗೆ ಬಂದಿರುವುದು ನಾಲ್ಕರ ನಡೆ, ಎರಡು ಮತ್ತು ನಾಲ್ಕಕ್ಕೆ ಸ್ನೇರ್ ಮೇಲೆ ಏಟು. ಅದನ್ನು ತಂದು ಇದರ ಮೇಲೆ ಹೇರಿದರೆ ಸಾಲಿನ ಕೊನೆಯ ಅಕ್ಷರ ಏಟಿನ ಕೆಳಗೆ ಸಿಕ್ಕಿ ಮುರಿಯುತ್ತದೆ. ಗುರುತಿಸುವುದು ಸುಲಭ, ಹಾಡುವವರ ಕೈ ನೋಡಿ. ತೊಡೆ ತಟ್ಟುತ್ತಿದ್ದ ಕೈ ಸುಮ್ಮನಾದರೆ ತಾಳ ಅವರದಲ್ಲದ್ದು ಆಗಿದೆ ಎಂದರ್ಥ. ಡ್ರಮ್ಮರ್ ದಮ್ಮಡಿಯ ಪೆಟ್ಟನ್ನು ಹೈಹ್ಯಾಟ್‌ಗೆ ತಂದುಕೊಂಡು, ಕಾಲಿನ ಡ್ರಮ್ಮನ್ನು ಪ್ರತಿ ಮೂರರ ಮೊದಲ ಮಾತ್ರೆಗೆ ಮಾತ್ರ ಇಟ್ಟು, ಅಜ್ಜನ ತಲೆಯಾಟ ನೋಡಿ ಸಾಲು ಬದಲಿಸಿದರೆ ಅರ್ಧ ಜಗಳ ಮುಗಿಯಿತು.

ಡೊಳ್ಳಿನ ಜೊತೆ ಇನ್ನೊಂದು ಪೇಚು. ಹತ್ತು ಡೊಳ್ಳು ಎದೆಗೆ ಗುದ್ದುವಾಗ ಬೇಸ್ ಗಿಟಾರ್ ಅದೇ ತಗ್ಗು ದನಿಯಲ್ಲಿ ಗುಯ್‌ಗುಟ್ಟಿದರೆ ಸ್ಪೀಕರಿನಿಂದ ಬರುವುದು ಬರೀ ಬೊಬ್ಬೆ. ಡೊಳ್ಳಿನ ಪೆಟ್ಟು ಬಿದ್ದಲ್ಲಿ ಬೇಸ್ ಬಾಯಿ ಮುಚ್ಚಿ, ಪೆಟ್ಟುಗಳ ನಡುವೆ ಮಾತಾಡಬೇಕು. ಇದನ್ನು ಪಾಲಿಸುವ ವಾದಕರು ಕಡಿಮೆ. ದುಡ್ಡು ಕೊಟ್ಟು ಕರೆಸಿದವನು ಸುಮ್ಮನೆ ನಿಂತರೆ ಜನ ಏನಂದುಕೊಂಡಾರು ಎಂಬ ಸಂಕೋಚ.

ಇಷ್ಟೆಲ್ಲ ಕಲಿತೆವೆಂದು ನಾನೂ ಹುಡುಗನೂ ಜಗಳೂರು ಕಡೆ ಹೋದೆವು, ಚೌಡಿಕೆ ಬಾರಿಸುವ ಎಲ್ಲಮ್ಮನ ಪದಗಾರ್ತಿಯೊಬ್ಬರ ಮುಂದೆ ಕೂತೆವು. ಚೌಡಿಕೆಗೆ ಒಂದೇ ತಂತಿ, ಆದರೆ ಏಕತಾರಿಯಂತೆ ಒಂದೇ ಸ್ವರವಲ್ಲ. ಮೀಟುತ್ತಲೇ ತಂತಿಯನ್ನು ಬಿಗಿದು ಸಡಿಲಿಸುತ್ತಾರೆ, ದನಿ ನೀರಿನಂತೆ ಏರಿಳಿಯುತ್ತದೆ. ಷಡ್ಜವೇ ಜಾರುವಲ್ಲಿ ಕೇಪೋ ಎಲ್ಲಿಗೆ ಹಾಕುವುದು, ಪವರ್ ಕಾರ್ಡ್ ಯಾವುದನ್ನು ಹಿಡಿಯುವುದು? ಹುಡುಗ ಸ್ವಲ್ಪ ಹೊತ್ತು ಗಿಟಾರನ್ನು ಮಡಿಲಲ್ಲಿ ಅಂಗಾತ ಮಲಗಿಸಿಕೊಂಡು ಕೂತ. ಆಮೇಲೆ, 'ಅಮ್ಮಾ, ಒಂದು ಸಣ್ಣ ಸ್ಟೀಲ್ ಲೋಟ ಇದ್ರೆ ಕೊಡ್ತೀರಾ?' ಎಂದು ಕೇಳಿ ಇಸಿದುಕೊಂಡು, ಅದನ್ನು ತಂತಿಯ ಮೇಲೆ ಮೆಲ್ಲಗೆ ಜಾರಿಸತೊಡಗಿದ.