ಸಾಕ್ಷಿಯ ಬಾಯಲ್ಲಿ ವಕೀಲರ ಮಾತು

ಹಳೆಯ ಸೆಷನ್ಸ್ ಕೋರ್ಟಿನ ಕಡತದಲ್ಲಿರುವ ಕೈಬರಹದ ಸಾಕ್ಷಿ ಹೇಳಿಕೆ ಮೊದಲ ಓದಿಗೆ ಒಬ್ಬನೇ ನಿಂತು ಹೇಳಿಕೊಂಡು ಹೋದ ಕತೆಯಂತೆ ಕಾಣುತ್ತದೆ. ‘ನಾನು’ ಎಂದು ಶುರುವಾಗಿ ‘ನಾನು’ ಎಂದೇ ಸಾಗುತ್ತದೆ. ಆದರೆ ಆ ಹಾಳೆ ಬರೆಯುತ್ತಿದ್ದ ಹೊತ್ತಿಗೆ ಕೋರ್ಟಿನಲ್ಲಿ ಕಡಿಮೆಯೆಂದರೂ ನಾಲ್ವರು ಮಾತಾಡುತ್ತಿದ್ದರು: ಸಾಕ್ಷಿ, ಸರ್ಕಾರಿ ವಕೀಲರು, ಆರೋಪಿ ಪರ ವಕೀಲರು, ನ್ಯಾಯಾಧೀಶರು. ಉಳಿದ ಮೂವರ ದನಿ ಅಡಗಿರುವುದು ಬರೆದವರ ಅಲಕ್ಷ್ಯದಿಂದಲ್ಲ. 1898ರ ಕ್ರಿಮಿನಲ್ ಪ್ರಕ್ರಿಯಾ ಸಂಹಿತೆಯ 359ನೇ ಕಲಮೇ ಸಾಕ್ಷ್ಯವನ್ನು ಸಾಮಾನ್ಯವಾಗಿ ಪ್ರಶ್ನೋತ್ತರವಾಗಿ ಅಲ್ಲ, ನಿರೂಪಣೆಯ ರೂಪದಲ್ಲಿ ಬರೆದುಕೊಳ್ಳಬೇಕೆಂದು ಹೇಳಿತ್ತು. 1973ರ ಸಂಹಿತೆಯ 276ನೇ ಕಲಮೂ ಅದೇ ಪದ್ಧತಿಯನ್ನು ಮುಂದುವರಿಸಿತು. ಬೇಕೆನಿಸಿದ ಭಾಗವನ್ನು ಪ್ರಶ್ನೋತ್ತರವಾಗಿ ಬರೆದುಕೊಳ್ಳುವ ವಿವೇಚನೆಯನ್ನು ನ್ಯಾಯಾಧೀಶರಿಗೆ ಬಿಟ್ಟಿತು. ಹೀಗಾಗಿ ಪ್ರಶ್ನೆ ಅಳಿದು ಉತ್ತರ ಉಳಿಯಿತು, ಎಷ್ಟೋ ಕಡೆ ಪ್ರಶ್ನೆಯೇ ಉತ್ತರದೊಳಗೆ ಸೇರಿಕೊಂಡಿತು. ಇಂಥ ಹಾಳೆಗಳನ್ನು ಇಂದು ಅಕ್ಷರಕ್ಕಿಳಿಸುವವರು ಹಾಳೆಯಲ್ಲಿ ಇಲ್ಲದ ಸಂಭಾಷಣೆಯನ್ನು ಮರಳಿ ಕಟ್ಟಲು ಹೋಗಬಾರದು ಎಂಬುದು ನನ್ನ ವಾದ. ಹಾಳೆಯಲ್ಲಿರುವುದನ್ನು ಇದ್ದಂತೆಯೇ ಒಂದು ಪದರವಾಗಿ ಇಳಿಸಬೇಕು. ಯಾರ ಮಾತು ಎಲ್ಲಿ ಮೊದಲಾಗುತ್ತದೆ ಎಂಬ ನಮ್ಮ ತೀರ್ಮಾನವನ್ನು ಅದರ ಪಕ್ಕದಲ್ಲಿ ಬೇರೆಯೇ ಪದರವಾಗಿ ಬರೆಯಬೇಕು.

ಒಂದು ತುಣುಕನ್ನು ಹತ್ತಿರದಿಂದ ನೋಡೋಣ. ಇದು ಯಾವುದೇ ನಿಜವಾದ ಕಡತದ್ದಲ್ಲ, ಪಾಟೀಸವಾಲಿನ ಭಾಗ ಹೇಗಿರುತ್ತದೆ ಎಂದು ತೋರಿಸಲು ಕಟ್ಟಿಕೊಂಡದ್ದು. ‘ಗಲಾಟೆ ನಡೆದಾಗ ನಾನು ಮನೆಯೊಳಗೆ ಇದ್ದೆನೆಂದರೆ ಸರಿಯಲ್ಲ. ಜಗಲಿಯ ಮೇಲೆ ಇದ್ದೆ. ಆಗ ಕತ್ತಲಾಗಿತ್ತೆಂದರೆ ಸರಿ. ಸಾಕ್ಷಿಯು ತಾನಾಗಿ ಮುಂದುವರಿದು ಬೀದಿದೀಪ ಉರಿಯುತ್ತಿತ್ತೆಂದು ಹೇಳುತ್ತಾನೆ. ಬೀದಿದೀಪದ ವಿಷಯವನ್ನು ನಾನು ಪೊಲೀಸರ ಮುಂದೆ ಹೇಳಿಲ್ಲವೆಂದರೆ ಸರಿಯಲ್ಲ. 2ನೇ ಆರೋಪಿಯ ಕೈಯಲ್ಲಿ ದೊಣ್ಣೆ ಇತ್ತು.’ ಮೊದಲ ವಾಕ್ಯದಲ್ಲಿ ‘ಮನೆಯೊಳಗೆ ಇದ್ದೆ’ ಎಂಬುದು ವಕೀಲರು ಮುಂದಿಟ್ಟ ಮಾತು. ಅವರು ಕೇಳಿದ್ದು ‘ನೀನು ಮನೆಯೊಳಗಿದ್ದೆಯಲ್ಲವೇ’ ಎಂದಿರಬಹುದು. ಬರೆಯುವಾಗ ‘ನೀನು’ ಹೋಗಿ ‘ನಾನು’ ಬಂದಿದೆ. ಸಾಕ್ಷಿಯದೆಂದು ಖಚಿತವಾಗಿ ಹೇಳಬಹುದಾದದ್ದು ‘ಸರಿಯಲ್ಲ’ ಎಂಬ ನಿರಾಕರಣೆಯಷ್ಟೇ. ‘ಜಗಲಿಯ ಮೇಲೆ ಇದ್ದೆ’ ಎಂಬುದು ಅದೇ ಉತ್ತರದ ಮುಂದುವರಿಕೆಯೋ, ‘ಹಾಗಾದರೆ ಎಲ್ಲಿದ್ದೆ’ ಎಂಬ ಇನ್ನೊಂದು ಪ್ರಶ್ನೆಗೆ ಬಂದ ಉತ್ತರವೋ ಹಾಳೆಯಿಂದ ತಿಳಿಯುವುದಿಲ್ಲ. ನಾಲ್ಕನೆಯ ವಾಕ್ಯದಲ್ಲಿ ಸಾಕ್ಷಿ ಇದ್ದಕ್ಕಿದ್ದಂತೆ ಪ್ರಥಮ ಪುರುಷಕ್ಕೆ ಸರಿದಿದ್ದಾನೆ: ‘ಸಾಕ್ಷಿಯು ಹೇಳುತ್ತಾನೆ.’ ಇದು ನ್ಯಾಯಾಧೀಶರ ಟಿಪ್ಪಣಿ. ಕೇಳದೆಯೇ ಬಂದ ಮಾತು ಇದು ಎಂದು ಅವರು ಗುರುತು ಹಾಕಿದ್ದಾರೆ. ಐದನೆಯ ವಾಕ್ಯವಂತೂ ಅಕ್ಷರಕ್ಕಿಳಿಸುವವರು ಅತಿ ಹೆಚ್ಚು ಎಡವುವ ಜಾಗ. ಒಂದು ‘ಇಲ್ಲ’ ವಕೀಲರದು, ಇನ್ನೊಂದು ‘ಅಲ್ಲ’ ಸಾಕ್ಷಿಯದು. ಎರಡೂ ಸೇರಿ, ಪೊಲೀಸರ ಮುಂದೆ ಹೇಳಿದ್ದೇನೆ ಎಂಬುದೇ ಸಾಕ್ಷಿಯ ನಿಲುವು. ಸಾಲಿನ ಕೊನೆಯಲ್ಲಿ ಮಸಿ ಮಾಸಿ ಒಂದು ನಕಾರ ಕಾಣದೆ ಹೋದರೆ, ಅಥವಾ ‘ವಾಕ್ಯ ತೊಡಕಾಗಿದೆ’ ಎಂದು ಯಾರಾದರೂ ಸರಿಪಡಿಸಹೋದರೆ, ಸಾಕ್ಷ್ಯ ತಲೆಕೆಳಗಾಗುತ್ತದೆ. ಮುಂದೆ ತನಿಖಾಧಿಕಾರಿಯ ಪಾಟೀಸವಾಲಿನಲ್ಲಿ ‘ಸದರಿ ಸಾಕ್ಷಿ ಬೀದಿದೀಪದ ವಿಷಯ ನನ್ನ ಮುಂದೆ ಹೇಳಿಲ್ಲ’ ಎಂಬ ಸಾಲು ಬಂದರೆ, ಅದು ಏಕೆ ಬಂತು ಎಂಬುದೇ ಓದುಗರಿಗೆ ಹೊಳೆಯುವುದಿಲ್ಲ.

ಇಷ್ಟೆಲ್ಲ ಗೊತ್ತಿದ್ದ ಮೇಲೆ ‘ವಕೀಲ:’, ‘ಸಾಕ್ಷಿ:’ ಎಂದು ಹೆಸರು ಹಾಕಿ ನಾಟಕದಂತೆ ಬಿಡಿಸಿ ಬರೆದರೆ ತಪ್ಪೇನು, ಓದುವವರಿಗೆ ಅನುಕೂಲವಲ್ಲವೇ ಎಂದು ಕೇಳುವವರಿದ್ದಾರೆ. ಅನುಕೂಲವೇನೋ ಹೌದು. ಆದರೆ ಹಾಗೆ ಬಿಡಿಸಿದ ಕ್ಷಣದಲ್ಲೇ ಯಾರೂ ಬರೆದಿಡದ ಪ್ರಶ್ನೆಯೊಂದನ್ನು ನಾವು ವಕೀಲರ ಬಾಯಿಗೆ ಹಾಕಿರುತ್ತೇವೆ. ಇನ್ನೊಂದು ತೊಂದರೆಯೂ ಇದೆ. ನಿಜವಾದ ಪ್ರಶ್ನೋತ್ತರ ಅದೇ ಕಟ್ಟಿನಲ್ಲಿ ಬೇರೆಡೆ ಇರುತ್ತದೆ. 1973ರ ಸಂಹಿತೆಯಲ್ಲಿ ಆರೋಪಿಯನ್ನೇ ನ್ಯಾಯಾಲಯ ವಿಚಾರಿಸುವ 313ನೇ ಕಲಮಿನ ಹೇಳಿಕೆಯಲ್ಲಿ ಪ್ರತಿ ಪ್ರಶ್ನೆ, ಪ್ರತಿ ಉತ್ತರವನ್ನೂ ಪೂರ್ತಿಯಾಗಿ ಬರೆಯಬೇಕೆಂದು 281ನೇ ಕಲಮು ಹೇಳುತ್ತಿತ್ತು. ಸಿವಿಲ್ ದಾವೆಯಲ್ಲಿ ಪ್ರಶ್ನೆಯೊಂದಕ್ಕೆ ಎದುರು ವಕೀಲರು ಆಕ್ಷೇಪಿಸಿ, ಆದರೂ ನ್ಯಾಯಾಲಯ ಅದನ್ನು ಕೇಳಲು ಬಿಟ್ಟರೆ, ಪ್ರಶ್ನೆ, ಉತ್ತರ, ಆಕ್ಷೇಪ, ಆಕ್ಷೇಪಿಸಿದವರ ಹೆಸರು, ನ್ಯಾಯಾಲಯದ ನಿರ್ಧಾರ ಎಲ್ಲವನ್ನೂ ದಾಖಲಿಸಬೇಕೆಂದು ಸಿವಿಲ್ ಪ್ರಕ್ರಿಯಾ ಸಂಹಿತೆಯ 18ನೇ ಆದೇಶದ 11ನೇ ನಿಯಮ ವಿಧಿಸುತ್ತದೆ. ನಿರೂಪಣೆಯ ನಡುವೆ ಒಮ್ಮೆಲೇ ‘ಪ್ರಶ್ನೆ’, ‘ಉತ್ತರ’ ಎಂಬ ಸಾಲು ಬಂದರೆ, ಆ ಮಾತಿನ ಒಂದೊಂದು ಪದವೂ ಮುಖ್ಯವೆಂದು ನ್ಯಾಯಾಧೀಶರಿಗೆ ಅನ್ನಿಸಿತ್ತು ಎಂದೇ ತಿಳಿಯಬೇಕು. ಇಡೀ ಹೇಳಿಕೆಯನ್ನು ಸಂಭಾಷಣೆ ಮಾಡಿಬಿಟ್ಟರೆ ಆ ಗುರುತು ಉಳಿದ ಸಾಲುಗಳ ನಡುವೆ ಕರಗಿಹೋಗುತ್ತದೆ. ಆದ್ದರಿಂದ ಮೂಲದ ವಾಕ್ಯ ಹಾಗೇ ಇರಲಿ; ಪಕ್ಕದಲ್ಲಿ ಚೌಕ ಆವರಣದೊಳಗೆ [ಸಲಹೆ: ಆರೋಪಿ ಪರ ವಕೀಲರು; ನಿರಾಕರಣೆ: ಸಾಕ್ಷಿ] ಎಂದು ಬರೆದರೆ ಸಾಕು. ಖಚಿತವಿಲ್ಲದಿದ್ದರೆ [ಅಸ್ಪಷ್ಟ] ಎಂದು ಬರೆಯಲು ಸಂಕೋಚಪಡಬೇಕಾಗಿಲ್ಲ.

ಇನ್ನು ಚಿತ್ತುಕಾಟುಗಳ ವಿಷಯ. ನಮ್ಮ ತುಣುಕಿನ ಕೊನೆಯ ವಾಕ್ಯದಲ್ಲಿ ಮೊದಲು ‘ಕೊಡಲಿ’ ಎಂದು ಬರೆದು, ಅದನ್ನು ಹೊಡೆದುಹಾಕಿ, ಸಾಲಿನ ಮೇಲೆ ‘ದೊಣ್ಣೆ’ ಎಂದು ಬರೆದು ಪಕ್ಕದಲ್ಲಿ ಕಿರುಸಹಿ ಹಾಕಿದೆ ಎಂದಿಟ್ಟುಕೊಳ್ಳಿ. ಹೊಡೆತದ ಪ್ರಕರಣದಲ್ಲಿ ಕೊಡಲಿಗೂ ದೊಣ್ಣೆಗೂ ಇರುವ ಅಂತರ ಎಷ್ಟೆಂದು ಬಿಡಿಸಿ ಹೇಳಬೇಕಾಗಿಲ್ಲ. ಈ ತಿದ್ದುಪಡಿ ಆದದ್ದು ಯಾವಾಗ? ಹಾಳೆಯೇ ಒಂದಿಷ್ಟು ಸುಳಿವು ಕೊಡುತ್ತದೆ. ‘ಕೊಡ’ ಎಂಬಲ್ಲಿಗೇ ಬರಹ ನಿಂತು, ಅದನ್ನು ಹೊಡೆದು, ಅದೇ ಸಾಲಿನಲ್ಲಿ ಮುಂದೆ ‘ದೊಣ್ಣೆ ಇತ್ತು’ ಎಂದಿದ್ದರೆ, ಮುಂದಿನ ಪದ ಬರೆಯುವುದಕ್ಕೂ ಮೊದಲೇ ತಿದ್ದಿದ್ದಾರೆ. ಅದು ಬರೆಯುವವರ ಕೈತಪ್ಪಿರಬಹುದು, ಸಾಕ್ಷಿಯೇ ಅರ್ಧದಲ್ಲಿ ಮಾತು ಬದಲಿಸಿರಲೂಬಹುದು. ಪೂರ್ಣ ಪದ ಹೊಡೆದು ಸಾಲಿನ ಮೇಲೆ ಬರೆದಿದ್ದರೆ ವಾಕ್ಯ ಮುಗಿದ ಮೇಲೆ ತಿದ್ದಿದ್ದಾರೆ ಎಂದಷ್ಟೇ ಹೇಳಬಹುದು. ಒಂದು ನಿಮಿಷದ ನಂತರವೋ, ಹೇಳಿಕೆಯನ್ನೆಲ್ಲ ಓದಿ ಹೇಳಿದ ಹೊತ್ತಿನಲ್ಲೋ ಎಂಬುದಕ್ಕೆ ಮಸಿಯ ಬಣ್ಣ, ಕಿರುಸಹಿ, ಕೊನೆಯ ಷರಾ ಇವುಗಳನ್ನೆಲ್ಲ ಒಟ್ಟಿಗೆ ನೋಡಬೇಕು. ಹೇಳಿಕೆಯನ್ನು ಸಾಕ್ಷಿಗೆ ಓದಿ ಹೇಳಿ, ಬೇಕಿದ್ದರೆ ತಿದ್ದಬೇಕೆಂಬ ವಿಧಿ 1898ರ ಸಂಹಿತೆಯಲ್ಲಿ 360ನೇ ಕಲಮಾಗಿಯೂ 1973ರದರಲ್ಲಿ 278ನೇ ಕಲಮಾಗಿಯೂ ಇತ್ತು. ಸಾಕ್ಷಿ ತಪ್ಪೆಂದರೂ ನ್ಯಾಯಾಧೀಶರು ತಿದ್ದಲೇಬೇಕೆಂದಿಲ್ಲ. ಅವನ ಆಕ್ಷೇಪವನ್ನು ಕೆಳಗೆ ಟಿಪ್ಪಣಿಯಾಗಿ ಬರೆದಿಡಬಹುದು. ಹೀಗೆ ಓದಿ ಹೇಳುವುದರ ಉದ್ದೇಶವೇನೆಂಬುದು ಪ್ರಿವಿ ಕೌನ್ಸಿಲ್ ತೀರ್ಮಾನಿಸಿದ ಅಬ್ದುಲ್ ರಹಮಾನ್ ಪ್ರಕರಣದಲ್ಲಿ ಚರ್ಚೆಗೆ ಬಂತು. ಸಾಕ್ಷಿ ನಿಜವಾಗಿ ಹೇಳಬಯಸಿದ್ದು ದಾಖಲೆಯಲ್ಲಿ ಸರಿಯಾಗಿ ಬಂದಿದೆಯೇ ಎಂದು ಖಚಿತಪಡಿಸಿಕೊಳ್ಳಲು, ಮ್ಯಾಜಿಸ್ಟ್ರೇಟರೋ ಗುಮಾಸ್ತರೋ ಬರೆದುಕೊಂಡ ಪದಗಳನ್ನು ತಿದ್ದಲು ಅವನಿಗೆ ಅವಕಾಶ ಕೊಡುವುದೇ ಅದರ ಉದ್ದೇಶ ಎಂದಿತು ನ್ಯಾಯಪೀಠ. ಆ ಕಾರಣಕ್ಕೇ ‘ಕೊಡಲಿ’ಯನ್ನು ಬಿಟ್ಟು ‘ದೊಣ್ಣೆ’ಯನ್ನು ಮಾತ್ರ ಇಳಿಸಿದರೆ, ಇಲ್ಲಿ ಒಂದು ತಿದ್ದುಪಡಿ ಆಗಿತ್ತು ಎಂಬ ಸಂಗತಿಯನ್ನೇ ಬಚ್ಚಿಟ್ಟಂತಾಗುತ್ತದೆ. [ಹೊಡೆದದ್ದು: ಕೊಡಲಿ] [ಮೇಲೆ: ದೊಣ್ಣೆ, ಕಿರುಸಹಿ] ಎಂದು ಎರಡನ್ನೂ ಇಡಬೇಕು. ಹೊಡೆದದ್ದನ್ನು ಓದಲಾಗದಿದ್ದರೆ ಸುಮಾರು ಎಷ್ಟು ಅಕ್ಷರ ಎಂದು ಬರೆಯಬೇಕು.

ಹೊಡೆದುಹಾಕಿದ ಗೆರೆಯ ಅರ್ಥವನ್ನು ಅವಸರದಲ್ಲಿ ನಿರ್ಧರಿಸಿದರೆ ಏನಾಗುತ್ತದೆ ಎಂಬುದಕ್ಕೆ ಐರ್ಲೆಂಡಿನ ಒಂದು ದೊಡ್ಡ ಉದಾಹರಣೆಯಿದೆ. 1641ರ ದಂಗೆಯ ಬಗ್ಗೆ ಸಂಗ್ರಹಿಸಿದ ಸಾವಿರಾರು ಸಾಕ್ಷಿ ಹೇಳಿಕೆಗಳು ಡಬ್ಲಿನ್ನಿನ ಟ್ರಿನಿಟಿ ಕಾಲೇಜಿನಲ್ಲಿ 31 ಸಂಪುಟಗಳಾಗಿ ಉಳಿದಿವೆ. ಅವುಗಳಲ್ಲಿ ಉದ್ದುದ್ದದ ಭಾಗಗಳನ್ನು ಹೊಡೆದುಹಾಕಲಾಗಿದೆ. ಹೊಡೆದ ಭಾಗಗಳು ಪ್ರಮಾಣದ ಮೇಲೆ ಹೇಳಿದವೇ ಅಲ್ಲ, ನಂಬಲರ್ಹವಲ್ಲ ಎಂಬ ವಾದವನ್ನು 18ನೇ ಶತಮಾನದ ಇತಿಹಾಸಕಾರ ಫರ್ಡಿನಾಂಡೊ ವಾರ್ನರ್ ಮುಂದಿಟ್ಟ. ಅದರ ಮೇಲೆ ಬಹುಕಾಲ ಜಗಳ ನಡೆಯಿತು. ಏಡನ್ ಕ್ಲಾರ್ಕ್ 1980ರ ದಶಕದಲ್ಲಿ ಹಾಳೆಗಳನ್ನು ಮತ್ತೆ ಪರಿಶೀಲಿಸಿ ತೋರಿಸಿದ್ದು ಬೇರೆಯದನ್ನೇ. ಆ ಗೆರೆಗಳಲ್ಲಿ ಬಹಳಷ್ಟು, ಹೇಳಿಕೆಗಳ ಸಂಕ್ಷಿಪ್ತ ಪ್ರತಿ ತಯಾರಿಸುವಾಗ ನಕಲುಗಾರರಿಗೆ ‘ಇದನ್ನು ಬಿಡಿ’ ಎಂದು ಸೂಚಿಸಲು ಎಳೆದವು. ಸಾಕ್ಷಿಯ ಮಾತಿಗೂ ಆ ಗೆರೆಗೂ ಸಂಬಂಧವಿರಲಿಲ್ಲ. 2010ರಲ್ಲಿ ಪೂರ್ತಿಗೊಂಡ ಆ ಹಾಳೆಗಳ ಅಕ್ಷರರೂಪದಲ್ಲಿ ಹೊಡೆದ ಭಾಗಗಳನ್ನೂ ಉಳಿಸಿಕೊಂಡಿದ್ದರಿಂದ, ಯಾರು ಬೇಕಾದರೂ ಇಂದು ಆ ವಾದವನ್ನು ಹಾಳೆಯ ಮೇಲೇ ಪರೀಕ್ಷಿಸಿ ನೋಡಬಹುದು.

ಕೋರ್ಟಿನ ನಕಲು ಶಾಖೆಯಿಂದ ಸಿಗುವ ದೃಢೀಕೃತ ಪ್ರತಿಯಲ್ಲಿ ಹೊಡೆದ ಪದಗಳೆಲ್ಲ ಇರುವುದಿಲ್ಲವಲ್ಲ, ತಿದ್ದಿದ ಮೇಲಿನ ಪಾಠವೇ ಅಲ್ಲವೇ ಕಾನೂನಿಗೆ ಬೇಕಾದದ್ದು ಎಂಬ ಆಕ್ಷೇಪಣೆಯಲ್ಲಿ ಹುರುಳಿದೆ. ಮೇಲ್ಮನವಿಗೆ ಹೋಗುವವರಿಗೆ ಆ ಶುದ್ಧ ಪ್ರತಿಯೇ ಸಾಕು. ಆದರೆ ಐವತ್ತು ವರ್ಷದ ಹಿಂದಿನ ಗಡಿ ತಕರಾರಿನ ಹೇಳಿಕೆಯನ್ನು ಊರಿನ ಚರಿತ್ರೆಗಾಗಿಯೋ ಭಾಷೆಯ ಅಧ್ಯಯನಕ್ಕಾಗಿಯೋ ಇಳಿಸುತ್ತಿರುವವರಿಗೆ ಬೇಕಾದದ್ದು ಬೇರೆ. ಎರಡು ಪದರದ ಪಾಠದಿಂದ ಶುದ್ಧ ಪ್ರತಿಯನ್ನು ಯಾವಾಗ ಬೇಕಾದರೂ ತೆಗೆಯಬಹುದು, ಶುದ್ಧ ಪ್ರತಿಯಿಂದ ಹೊಡೆದುಹಾಕಿದ ಪದವನ್ನು ಹೊರತೆಗೆಯಲು ಆಗುವುದಿಲ್ಲ. ಅಕ್ಷರದ ಕೈ ಬದಲಾದರೆ ಮಾತಾಡುವವರೂ ಬದಲಾದರು ಎಂದು ಕೆಲವರು ನಂಬುತ್ತಾರೆ; ಅದೂ ತಪ್ಪು. ಕೈ ಬದಲಾದರೆ ಬರೆಯುವವರು ಬದಲಾಗಿದ್ದಾರೆ, ಅಷ್ಟೇ. ಮಾತಾಡುವವರು ಬದಲಾದದ್ದನ್ನು ತಿಳಿಸುವುದು ‘ಮುಖ್ಯ ವಿಚಾರಣೆ’, ‘ಪಾಟೀಸವಾಲು, 1ನೇ ಆರೋಪಿಯ ಪರ’, ‘ಮರು ವಿಚಾರಣೆ’ ಎಂಬ ಶೀರ್ಷಿಕೆಗಳು. ಇವು ಎಷ್ಟೋ ಸಲ ಪುಟದ ನಡುವೆ, ಸಾಲಿಗೆ ಅಂಟಿಕೊಂಡು, ಒಂದೇ ಒಂದು ಬಾರಿ ಬರುತ್ತವೆ. ಮುಂದಿನ ಮೂರು ಪುಟಗಳಲ್ಲಿ ಅವುಗಳ ಸುಳಿವೇ ಇರುವುದಿಲ್ಲ. ಆ ಪುಟಗಳಲ್ಲಿ ಒಂದನ್ನಷ್ಟೇ ತೆಗೆದು ಓದಿದರೆ ವಕೀಲರು ಮುಂದಿಟ್ಟ ಮಾತೂ ಸಾಕ್ಷಿಯ ಸ್ವಂತ ಮಾತೇ ಎನಿಸಿಬಿಡುತ್ತದೆ.

ಹಾಗಾಗಿ ಇಂಥ ಕಟ್ಟುಗಳನ್ನು ಕೈಗೆತ್ತಿಕೊಳ್ಳುವವರಲ್ಲಿ ಒಂದು ಕೋರಿಕೆ. ಇಳಿಸಲು ಕೂರುವ ಮೊದಲು ಇಡೀ ಹೇಳಿಕೆಯನ್ನು ಒಮ್ಮೆ ಓದಿ ಆ ಶೀರ್ಷಿಕೆಗಳನ್ನು ಹುಡುಕಿ. ಆಮೇಲೆ ಪ್ರತಿ ಪುಟದ ತಲೆಯಲ್ಲೂ, ಅದು ನಿಮ್ಮ ಸೇರ್ಪಡೆ ಎಂದು ತಿಳಿಯುವಂತೆ ಆವರಣದೊಳಗೆ, ಈ ಪುಟದಲ್ಲಿ ಪ್ರಶ್ನಿಸುತ್ತಿರುವವರು ಯಾರು ಎಂದು ಬರೆಯಿರಿ.