ಬೆರಕೆ ಮಾತಿನ ಬೆಸುಗೆ

ಕಥೆ, ನಾಟಕ, ಸಿನಿಮಾಗಳಲ್ಲಿ ನಗರದ ಯುವಜನರ ಮಾತು ಸಹಜವಾಗಿ ಕೇಳಿಸಬೇಕಾದರೆ ಎಷ್ಟು ಇಂಗ್ಲಿಷ್ ಬೆರೆಸಬೇಕೆಂಬ ಪ್ರಶ್ನೆಯಿಂದ ಹೊರಟವರು ಸಾಮಾನ್ಯವಾಗಿ ದಾರಿ ತಪ್ಪುತ್ತಾರೆ. ಇಂಗ್ಲಿಷ್ ಪದ ಕನ್ನಡ ವಾಕ್ಯಕ್ಕೆ ಎಲ್ಲಿ ಕೂಡಿಕೊಳ್ಳುತ್ತದೆ, ಆ ಮಾತು ಯಾರನ್ನು ಕುರಿತದ್ದು ಎಂಬ ಎರಡನ್ನೇ ಮೊದಲು ನೋಡಬೇಕು. ಟಿ. ಪಿ. ಕೈಲಾಸಂ ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲೇ ಇಂಗ್ಲಿಷ್ ಓದಿದ ಮನೆಗಳ ಬೆರಕೆ ಮಾತನ್ನು ರಂಗಕ್ಕೆ ತಂದಿದ್ದರು. ಭಾಷಾವಿಜ್ಞಾನಿ ಎಸ್. ಎನ್. ಶ್ರೀಧರ್ 1978ರಲ್ಲಿ ಕನ್ನಡದ ಈ ಬೆರಕೆಯನ್ನು ಕುರಿತು ಲೇಖನ ಬರೆದರು. ಹೀಗಾಗಿ ಇದು ಮೊಬೈಲ್ ಕಾಲದ ಹೊಸ ಚಾಳಿಯೇನಲ್ಲ. ಇದಕ್ಕೆ ತನ್ನದೇ ಕಟ್ಟುಪಾಡಿದೆ.

ಆ ಕಟ್ಟುಪಾಡಿನ ತಿರುಳು ಕ್ರಿಯಾಪದದಲ್ಲಿದೆ. ಇಂಗ್ಲಿಷ್ ಕ್ರಿಯೆ ಕನ್ನಡ ವಾಕ್ಯದಲ್ಲಿ ಒಂಟಿಯಾಗಿ ನಿಲ್ಲುವುದಿಲ್ಲ, ‘ಮಾಡು’ ಅಥವಾ ‘ಆಗು’ವಿನ ಕೈ ಹಿಡಿಯುತ್ತದೆ. ‘ಬಸ್ ಮಿಸ್ ಆಯ್ತು’ ಎಂದವನು ತಪ್ಪನ್ನು ಬಸ್ಸಿನ ಮೇಲೋ ಹಣೆಬರಹದ ಮೇಲೋ ಹಾಕುತ್ತಾನೆ. ‘ಬಸ್ ಮಿಸ್ ಮಾಡ್ಕೊಂಡೆ’ ಎಂದವನು ತಾನೇ ಹೊರುತ್ತಾನೆ. ಪಾತ್ರದ ಸ್ವಭಾವ ತೋರುವುದು ಈ ಕನ್ನಡದ ತುಂಡಿನಲ್ಲೇ. ವಿಭಕ್ತಿಯೂ ಹಾಗೆಯೇ. ಮಾತಿನಲ್ಲಿ ‘ಬಸ್ಸಲ್ಲಿ’, ‘ಆಫೀಸಿಗೆ’ ಎಂದು ಪದ ಕರಗಿಕೊಳ್ಳುತ್ತದೆ. ಸುದ್ದಿಯ ಬರಹದ ‘ಬಸ್‌ನಲ್ಲಿ’ ಎಂಬ ರೂಪ ಇಪ್ಪತ್ತೆರಡರ ಹುಡುಗನ ಬಾಯಿಗೆ ಬಂದರೆ ಓದುಗನ ಕಿವಿ ತಕ್ಷಣ ಅನುಮಾನಿಸುತ್ತದೆ.

ಇದನ್ನು ಒಂದು ಕಲ್ಪಿತ ಸನ್ನಿವೇಶದಲ್ಲಿ ನೋಡಬಹುದು. ಸೊರಬದ ಹುಡುಗನೊಬ್ಬ ಮತ್ತು ಶಿಕಾರಿಪುರದ ಅವನ ಗೆಳೆಯ ಬೆಂಗಳೂರಿನಲ್ಲಿ ಒಂದೇ ರೂಮಿನಲ್ಲಿದ್ದಾರೆ. ಭೂಮಿ ಹುಣ್ಣಿಮೆಗೆ ಸೊರಬದವನು ಊರಿಗೆ ಹೋಗಬೇಕು. ಮೊದಲ ಕರಡಿನಲ್ಲಿ ಅವನ ಮಾತು ಹೀಗಿದೆ ಎಂದಿಟ್ಟುಕೊಳ್ಳೋಣ: “ನಾನು ಮ್ಯಾನೇಜರನ್ನು ಲೀವ್ ಕೇಳಿದ್ದೇನೆ. ಅವರು ಇನ್ನೂ ಅಪ್ರೂವ್ ಮಾಡಿಲ್ಲ. ಐ ಆ್ಯಮ್ ಸೋ ಟೆನ್ಸ್ಡ್.”

ಇಲ್ಲಿ ಇಂಗ್ಲಿಷ್ ಹೆಚ್ಚಾಯಿತು ಎಂಬುದು ದೊಡ್ಡ ದೋಷವಲ್ಲ. ‘ಕೇಳಿದ್ದೇನೆ’ ಎಂಬ ಗ್ರಾಂಥಿಕ ರೂಪದ ಪಕ್ಕದಲ್ಲಿ ಬೀದಿಯ ಇಂಗ್ಲಿಷ್ ಬಂದಿರುವುದರಿಂದ ಎರಡೂ ಒಂದೇ ಬಾಯಿಯವು ಎನಿಸುವುದಿಲ್ಲ. ಕೊನೆಯ ಇಂಗ್ಲಿಷ್ ವಾಕ್ಯಕ್ಕೆ ಕಾರಣವೂ ಇಲ್ಲ. ತಿದ್ದಿದ ಮೇಲೆ:

“ಲೀವ್ ಅಪ್ಲೈ ಮಾಡಿ ಎರಡ್ ದಿನ ಆಯ್ತು ಮಾರಾಯ. ಇನ್ನೂ ಅಪ್ರೂವ್ ಆಗಿಲ್ಲ. ಬಸ್ಸಿಗೆ ಸೀಟ್ ಬುಕ್ ಮಾಡ್ಲಾ ಬೇಡ್ವಾ, ಟೆನ್ಷನ್ ಆಗ್ತಿದೆ.”

“ಲೇ, ಸುಮ್ನೆ ಬುಕ್ ಮಾಡು. ಕ್ಯಾನ್ಸಲ್ ಆದ್ರೆ ಆಗ್ಲಿ.”

ಇಂಗ್ಲಿಷ್ ಪದಗಳು ಕಡಿಮೆಯಾಗಿಲ್ಲ, ಆದರೂ ಮಾತು ನೆಲೆ ನಿಂತಿದೆ. ಮಲೆನಾಡಿನ ‘ಮಾರಾಯ’, ಹಾವೇರಿ ಸೀಮೆಗೆ ತಾಗಿದ ಶಿಕಾರಿಪುರದ ಕಡೆಯ ‘ಲೇ’ ಇಬ್ಬರನ್ನೂ ಬೇರ್ಪಡಿಸುತ್ತವೆ. ‘ಲೀವ್’, ‘ಬುಕ್’, ‘ಕ್ಯಾನ್ಸಲ್’ ಇಬ್ಬರಿಗೂ ಸಮಾನ. ಬೆಂಗಳೂರಿಗೆ ಬಂದ ಹುಡುಗರೆಲ್ಲ ಒಂದೇ ಬಗೆಯ ಬೆರಕೆ ಮಾತಾಡುವಂತೆ ಬರೆಯುವುದು ಈಚಿನ ಚಿತ್ರಕಥೆಗಳಲ್ಲಿ ಪದೇಪದೇ ಕಾಣುವ ಕೊರತೆ. ಇಂಗ್ಲಿಷ್ ಎಲ್ಲರಿಗೂ ಒಂದೇ ಇರಬಹುದು, ಅದರಡಿಯ ಕನ್ನಡ ಮಾತ್ರ ಊರೂರಿಗೆ ಬೇರೆ.

ಅದೇ ಸಂಜೆ ಅಮ್ಮನ ಫೋನ್ ಬಂದಾಗ ಸೊರಬದವನು ಹೇಳುತ್ತಾನೆ: “ರಜ ಕೇಳಿದೀನಮ್ಮಾ. ಸಿಕ್ರೆ ರಾತ್ರಿ ಬಸ್ಸಿಗೆ ಹೊರಡ್ತೀನಿ. ಬೂಮಣ್ಣಿ ಬುಟ್ಟಿ ಬರ್ದಾಯ್ತಾ?” ಲೀವ್ ಹೋಗಿ ರಜ ಬಂತು, ಬಸ್ಸು ಉಳಿಯಿತು, ಏಕೆಂದರೆ ಅದು ಅಮ್ಮನ ಪದವೂ ಹೌದು. ಮ್ಯಾನೇಜರ್ ಕನ್ನಡದವರಾದರೆ: “ಸರ್, ನನ್ ಲೀವ್ ರಿಕ್ವೆಸ್ಟ್ ಪೆಂಡಿಂಗ್ ಇದೆ, ಒಂದ್ಸಲ ನೋಡ್ತೀರಾ?” ಇಲ್ಲಿ ಇಂಗ್ಲಿಷ್ ಏರಿದೆ, ಆದರೆ ಮರ್ಯಾದೆಯ ಭಾರವನ್ನು ‘ನೋಡ್ತೀರಾ’ ಹೊತ್ತಿದೆ. ನೀನು, ನೀವು ಎಂಬ ಭೇದ ಇಂಗ್ಲಿಷಿನಲ್ಲಿ ಇಲ್ಲದ್ದರಿಂದ ಆ ಕೆಲಸವನ್ನು ಕನ್ನಡ ಬಿಟ್ಟುಕೊಡುವುದಿಲ್ಲ. ಮೂರು ಕಡೆಯೂ ಒಂದೇ ಮಟ್ಟದ ಬೆರಕೆ ಇಟ್ಟ ಸಂಭಾಷಣೆಯಲ್ಲಿ ಪಾತ್ರಕ್ಕೆ ಮನೆಯೂ ಇರುವುದಿಲ್ಲ, ಕಚೇರಿಯೂ ಇರುವುದಿಲ್ಲ.

ಪೂರ್ತಿ ಇಂಗ್ಲಿಷ್ ವಾಕ್ಯಕ್ಕೆ ಜಾಗವೇ ಇಲ್ಲವೆಂದಲ್ಲ. ಬೇರೆಯವರ ಮಾತನ್ನು ಅವರ ದನಿಯಲ್ಲೇ ಒಪ್ಪಿಸುವಾಗ ಅದು ಬರುತ್ತದೆ: “‘ವಿಲ್ ಸೀ’ ಅಂದ್ರು, ಅಷ್ಟೇ.” ಕನ್ನಡದಲ್ಲಿ ಬಾಯಿಬಿಟ್ಟು ಹೇಳಲು ಮುಜುಗರವಾಗುವ ಪ್ರೇಮ, ಕಾಯಿಲೆ, ಕ್ಷಮೆಯ ಮಾತುಗಳಿಗೂ ಯುವಕರು ಇಂಗ್ಲಿಷನ್ನು ಮರೆಯಾಗಿ ಹಿಡಿಯುತ್ತಾರೆ. ಸೊರಬದ ಹುಡುಗ ಗೆಳತಿಯೊಂದಿಗಿನ ಸಂಬಂಧ ಮುರಿದದ್ದನ್ನು ಗೆಳೆಯನಿಗೆ “ಬ್ರೇಕಪ್ ಆಯ್ತು” ಎಂದಷ್ಟೇ ಹೇಳಿ ಮಾತು ಬದಲಿಸಬಹುದು. ಅದನ್ನೇ ಅಕ್ಕನಿಗೆ ಹೇಳಬೇಕಾದಾಗ ಪದ ಸಿಗದೆ ತಡವರಿಸಿದರೆ, ಆ ತಡವರಿಕೆಯನ್ನು ಬರಹಗಾರ ಪುಟದ ಮೇಲೆ ಉಳಿಸಬೇಕು.