ಅರ್ಧ ಬಾಡಿಗೆಯ ಮಾತು: ಹೈ ಟ್ರೀಸ್ ತೀರ್ಪಿನ ಸೊಗಸು

ಕೆಲವು ತೀರ್ಪುಗಳನ್ನು ಅವು ಏನು ಹೇಳಿವೆ ಎಂದು ತಿಳಿಯಲು ಓದುತ್ತೇವೆ. ಕೆಲವನ್ನು ಮಾತ್ರ, ಹೇಗೆ ಹೇಳಿವೆ ಎಂಬುದಕ್ಕಾಗಿ ಮತ್ತೆ ಮತ್ತೆ ಓದುತ್ತೇವೆ. 1946ರ ಜುಲೈನಲ್ಲಿ ಲಂಡನ್ನಿನಲ್ಲಿ ನ್ಯಾಯಮೂರ್ತಿ ಡೆನ್ನಿಂಗ್ ಕೊಟ್ಟ ಹೈ ಟ್ರೀಸ್ ತೀರ್ಪು ನನಗೆ ಈ ಎರಡನೆಯ ಬಗೆಯದು. ಕೆಲವೇ ಪುಟಗಳ ತೀರ್ಪು. ವಿಷಯವೂ ನಮಗೆಲ್ಲ ಗೊತ್ತಿರುವಂಥದ್ದೇ: ಕಷ್ಟಕಾಲದಲ್ಲಿ ಬಾಡಿಗೆ ಇಳಿಸುತ್ತೇನೆಂದು ಮಾತು ಕೊಟ್ಟ ಮಾಲೀಕ, ಕಾಲ ಸುಧಾರಿಸಿದ ಮೇಲೆ ಹಿಂದಿನದ್ದನ್ನೂ ಸೇರಿಸಿ ಪೂರ್ತಿ ಕೊಡು ಎಂದು ಕೇಳಬಹುದೇ?

ದಕ್ಷಿಣ ಲಂಡನ್ನಿನ ಕ್ಲ್ಯಾಪಮ್‌ನಲ್ಲಿ ಹೈ ಟ್ರೀಸ್ ಹೌಸ್ ಎಂಬ ಹೊಸ ವಸತಿ ಸಮುಚ್ಚಯವಿತ್ತು. ಅದರ ಒಡೆತನದ ಕಂಪನಿ 1937ರಲ್ಲಿ ಇಡೀ ಕಟ್ಟಡವನ್ನು ಇನ್ನೊಂದು ಕಂಪನಿಗೆ 99 ವರ್ಷಗಳ ಗುತ್ತಿಗೆಗೆ ಕೊಟ್ಟಿತು. ವರ್ಷಕ್ಕೆ 2,500 ಪೌಂಡ್ ನೆಲಬಾಡಿಗೆ. ಗುತ್ತಿಗೆದಾರ ಕಂಪನಿ ಫ್ಲ್ಯಾಟುಗಳನ್ನು ಒಳಬಾಡಿಗೆಗೆ ಕೊಟ್ಟು ಅದನ್ನು ಕಟ್ಟಬೇಕು. ಎಷ್ಟೋ ಫ್ಲ್ಯಾಟುಗಳು ಇನ್ನೂ ಖಾಲಿ ಇರುವಾಗಲೇ 1939ರಲ್ಲಿ ಯುದ್ಧ ಶುರುವಾಯಿತು. ಜನ ಊರು ಬಿಟ್ಟರು. ಬರುವ ಒಳಬಾಡಿಗೆಯಲ್ಲಿ ನೆಲಬಾಡಿಗೆ ಕಟ್ಟುವುದು ಸಾಧ್ಯವಿಲ್ಲವೆಂದು ಎರಡೂ ಕಡೆಯವರಿಗೆ ಮನದಟ್ಟಾಯಿತು. 1940ರ ಜನವರಿಯಲ್ಲಿ ಒಡೆಯ ಕಂಪನಿ ಒಂದು ಪತ್ರ ಬರೆಯಿತು: ಗುತ್ತಿಗೆಯ ಆರಂಭದಿಂದಲೇ ನೆಲಬಾಡಿಗೆಯನ್ನು 1,250 ಪೌಂಡಿಗೆ ಇಳಿಸಲಾಗಿದೆ. ಎಷ್ಟು ಕಾಲದವರೆಗೆ ಎಂದು ಬರೆಯಲಿಲ್ಲ. ಇಳಿಸಿದ್ದಕ್ಕೆ ಪ್ರತಿಯಾಗಿ ಏನನ್ನೂ ಪಡೆಯಲೂ ಇಲ್ಲ.

ಗುತ್ತಿಗೆದಾರರು ಅರ್ಧ ಬಾಡಿಗೆ ಕಟ್ಟುತ್ತ ಬಂದರು. ಅಷ್ಟರಲ್ಲಿ ಒಡೆಯ ಕಂಪನಿಗೆ ಸಾಲ ಕೊಟ್ಟವರು ಅದರ ವ್ಯವಹಾರ ನೋಡಿಕೊಳ್ಳಲು ರಿಸೀವರ್ ಒಬ್ಬರನ್ನು ನೇಮಿಸಿದ್ದರು. 1945ರ ಆರಂಭದ ಹೊತ್ತಿಗೆ ಫ್ಲ್ಯಾಟುಗಳೆಲ್ಲ ತುಂಬಿದವು. ಆ ಸೆಪ್ಟೆಂಬರಿನಲ್ಲಿ ರಿಸೀವರ್ ಗುತ್ತಿಗೆ ಪತ್ರ ತೆರೆದು ನೋಡಿ, ಇನ್ನು ಮುಂದೆ ಪೂರ್ತಿ ಬಾಡಿಗೆ ಕೊಡಬೇಕು, ಹಿಂದಿನ ಬಾಕಿ 7,916 ಪೌಂಡೂ ಸಲ್ಲಬೇಕು ಎಂದು ಬರೆದರು. ಆದರೆ ಪ್ರಶ್ನೆ ಇತ್ಯರ್ಥವಾಗಲೆಂದು ಹೂಡಿದ ದಾವೆಯಲ್ಲಿ ಕೇಳಿದ್ದು 1945ರ ಕೊನೆಯ ಎರಡು ತ್ರೈಮಾಸಿಕಗಳ ವ್ಯತ್ಯಾಸವನ್ನು ಮಾತ್ರ: 625 ಪೌಂಡ್.

ಡೆನ್ನಿಂಗ್ ಅವರ ಎದುರು ಹಳೆಯ ಕಾನೂನು ಗೋಡೆಯಂತೆ ನಿಂತಿತ್ತು. ಪ್ರತಿಫಲವಿಲ್ಲದ ಮಾತಿಗೆ ಕರಾರಿನ ಬಲವಿಲ್ಲ. 1884ರ ಫೋಕ್ಸ್ ಮತ್ತು ಬಿಯರ್ ಪ್ರಕರಣದಲ್ಲಿ ಸಾಲ ಕೊಟ್ಟಾಕೆ, ಅಸಲನ್ನು ಕಂತಿನಲ್ಲಿ ತೀರಿಸಿದರೆ ಮುಂದೆ ಯಾವ ಕ್ರಮವನ್ನೂ ಕೈಗೊಳ್ಳುವುದಿಲ್ಲವೆಂದು ಬರೆದುಕೊಟ್ಟಿದ್ದರು. ಅಸಲು ಪೂರ್ತಿ ಸಂದ ಮೇಲೆ ಬಡ್ಡಿಗೆ ದಾವೆ ಹೂಡಿ ಗೆದ್ದರು. ಇನ್ನೊಂದು ನಿಯಮ 1854ರದು: ನಡೆದಿರುವ ಸಂಗತಿಯ ಬಗ್ಗೆ ಹೇಳಿದ ಮಾತಿನಿಂದ ಹಿಂದೆ ಸರಿಯದಂತೆ ತಡೆಯಬಹುದು, ಮುಂದೆ ಮಾಡುತ್ತೇನೆ ಎಂಬ ಮಾತಿಗೆ ಆ ತಡೆ ಅನ್ವಯಿಸದು. ಬಾಡಿಗೆ ಇಳಿಸುವ ಮಾತು ಈ ಎರಡನೆಯ ಜಾತಿಯದು.

ತೀರ್ಪಿನ ಮೊದಲ ಸೊಗಸು ಇಲ್ಲಿದೆ. ಡೆನ್ನಿಂಗ್ ಗೋಡೆ ಒಡೆಯಲು ಹೋಗುವುದಿಲ್ಲ, ಅದರಲ್ಲಿ ಮೊದಲೇ ಇದ್ದ ಬಾಗಿಲನ್ನು ತೋರಿಸುತ್ತಾರೆ. 1877ರ ಹ್ಯೂಸ್ ಪ್ರಕರಣದಲ್ಲಿ, ಆರು ತಿಂಗಳೊಳಗೆ ಕಟ್ಟಡ ದುರಸ್ತಿ ಮಾಡಿಸಿ ಎಂದು ಮಾಲೀಕ ನೋಟಿಸು ಕೊಟ್ಟಿದ್ದ. ನಡುವೆ ಗುತ್ತಿಗೆಯನ್ನೇ ಕೊಂಡುಕೊಳ್ಳುವ ಮಾತುಕತೆ ನಡೆಯಿತು. ಅದನ್ನು ನಂಬಿ ಬಾಡಿಗೆದಾರರು ದುರಸ್ತಿ ನಿಲ್ಲಿಸಿದರು. ಮಾತುಕತೆ ಮುರಿಯಿತು, ಆರು ತಿಂಗಳು ಕಳೆದದ್ದೇ ತಡ, ಮಾಲೀಕ ಗುತ್ತಿಗೆ ರದ್ದಾಯಿತೆಂದ. ಹೌಸ್ ಆಫ್ ಲಾರ್ಡ್ಸ್ ಅದಕ್ಕೆ ಒಪ್ಪಲಿಲ್ಲ. ತನ್ನ ಹಕ್ಕನ್ನು ಸದ್ಯಕ್ಕೆ ಚಲಾಯಿಸುವುದಿಲ್ಲವೆಂಬ ನಂಬಿಕೆ ಹುಟ್ಟಿಸಿದವನು, ನಂಬಿದವನಿಗೆ ಅನ್ಯಾಯವಾಗುವಂತೆ ಅದನ್ನು ಚಲಾಯಿಸಲಾಗದು ಎಂದಿತು. ಈ ಎಳೆಯನ್ನು ಹಿಡಿದು ಡೆನ್ನಿಂಗ್ ಒಂದು ಸೂತ್ರ ಕಟ್ಟಿದರು: ಕಟ್ಟುಬೀಳುವ ಉದ್ದೇಶದಿಂದ ಕೊಟ್ಟ ಮಾತು, ಇನ್ನೊಬ್ಬರು ಅದರಂತೆ ನಡೆದುಕೊಳ್ಳಲಿ ಎಂದು ಕೊಟ್ಟ ಮಾತು, ಹಾಗೆ ಅವರು ನಡೆದುಕೊಂಡೂ ಆಗಿದ್ದರೆ, ಪ್ರತಿಫಲವಿಲ್ಲದಿದ್ದರೂ ಕೊಟ್ಟವರನ್ನು ಕಟ್ಟಿಹಾಕುತ್ತದೆ. ಪ್ರಾಮಿಸರಿ ಎಸ್ಟಾಪೆಲ್ ಎಂದು ವಕೀಲರು ಹೇಳುವುದು ಇದನ್ನೇ.

ಆದರೆ ನಾನು ಹೆಚ್ಚು ಹೊತ್ತು ನಿಲ್ಲುವುದು ತೀರ್ಪಿನ ಉತ್ತರಾರ್ಧದಲ್ಲಿ. ಮಾತು ಕಟ್ಟಿಹಾಕುತ್ತದೆ ಎಂದ ಮೇಲೆ, ಎಲ್ಲಿಯವರೆಗೆ? ಪತ್ರದಲ್ಲಿ ಅವಧಿಯಿಲ್ಲ. ಉಳಿದ 90 ವರ್ಷಗಳಿಗೂ ಅರ್ಧ ಬಾಡಿಗೆಯೇ ಎಂದು ಗುತ್ತಿಗೆದಾರರು ವಾದಿಸಿದರು. ಡೆನ್ನಿಂಗ್ ಪತ್ರದ ಅಕ್ಷರದ ಆಚೆಗೆ, ಅದು ಹುಟ್ಟಿದ ಸಂದರ್ಭವನ್ನು ನೋಡಿದರು. ಯುದ್ಧದಿಂದ ಫ್ಲ್ಯಾಟುಗಳು ತುಂಬದಿದ್ದದ್ದು ಇಳಿಕೆಗೆ ಕಾರಣ. ಆ ಕಾರಣ ಇರುವಷ್ಟು ಕಾಲ ಮಾತೂ ಇರುತ್ತದೆ. 1945ರ ಆರಂಭದಲ್ಲಿ ಕಟ್ಟಡ ತುಂಬಿದಾಗ ಕಾರಣವೂ ಮುಗಿಯಿತು, ಮಾತೂ ಮುಗಿಯಿತು. ಹೀಗಾಗಿ ಕೊನೆಯ ಎರಡು ತ್ರೈಮಾಸಿಕಗಳ 625 ಪೌಂಡ್ ಒಡೆಯರಿಗೆ ಸಲ್ಲಬೇಕು. 1940ರಿಂದ ಕಟ್ಟಡ ತುಂಬುವವರೆಗಿನ ಇಳಿಕೆಯನ್ನು ಮಾತ್ರ ಅವರು ಮರಳಿ ಕೇಳುವಂತಿಲ್ಲ.

ತೂಕ ನೋಡಿ. ದಾವೆ ಗೆದ್ದದ್ದು ಒಡೆಯ ಕಂಪನಿ. ಲೋಕಕ್ಕೆ ಉಳಿದದ್ದು ಬಾಡಿಗೆದಾರನ ತತ್ತ್ವ. ಹಳೆಯ ಬಾಕಿ ಈ ದಾವೆಯಲ್ಲಿ ಇರಲೇ ಇಲ್ಲವಾದ್ದರಿಂದ ಅದರ ಬಗೆಗಿನ ಮಾತು ಕಟ್ಟುನಿಟ್ಟಾಗಿ ಹೇಳಿದರೆ ಪ್ರಾಸಂಗಿಕ. ಆ ಪ್ರಾಸಂಗಿಕ ಮಾತೇ ಮುಂದೆ ಕಾನೂನಾಗಿ ಬೆಳೆಯಿತು. ಯಾರಿಗೂ ಅತಿಯಾಗಿ ಕೊಡದೆ, ಯಾರಿಂದಲೂ ಅತಿಯಾಗಿ ಕಸಿಯದೆ, ಕಷ್ಟದ ವರ್ಷಗಳನ್ನು ಒಬ್ಬರಿಗೂ ಸುಖದ ವರ್ಷಗಳನ್ನು ಇನ್ನೊಬ್ಬರಿಗೂ ಹಂಚಿದ ಈ ಅಳತೆ ನನಗೆ ಪ್ರತಿ ಓದಿನಲ್ಲೂ ಹೊಸದಾಗಿ ಹಿಡಿಸುತ್ತದೆ.

ತನ್ನ ಸೂತ್ರಕ್ಕೆ ಎಲ್ಲೆ ಹಾಕುವಲ್ಲೂ ಡೆನ್ನಿಂಗ್ ಹಿಂಜರಿಯಲಿಲ್ಲ. 1951ರಲ್ಲಿ, ವಿಚ್ಛೇದನದ ನಂತರ ವರ್ಷಕ್ಕೆ 100 ಪೌಂಡ್ ಕೊಡುತ್ತೇನೆಂದು ಮಾತು ಕೊಟ್ಟು ಕೊಡದ ಗಂಡನ ಮೇಲೆ ಹೆಂಡತಿ ಇದೇ ತತ್ತ್ವ ಹಿಡಿದು ದಾವೆ ಹೂಡಿದಾಗ, ಮೇಲ್ಮನವಿ ಪೀಠದಲ್ಲಿದ್ದ ಅವರೂ ಸಹನ್ಯಾಯಾಧೀಶರೂ ಒಪ್ಪಲಿಲ್ಲ. ಇದು ತನ್ನ ಮೇಲೆ ಬಂದ ದಾವೆಯನ್ನು ತಡೆಯುವ ಗುರಾಣಿ, ಹೊಸ ಹಕ್ಕು ಗೆಲ್ಲುವ ಕತ್ತಿಯಲ್ಲ. 1965ರಲ್ಲಿ ಇನ್ನೊಂದು ಎಲ್ಲೆ. ಕೈಯಲ್ಲಿ ಕಾಸಿಲ್ಲದ ಸಣ್ಣ ಕಟ್ಟಡ ಕಂಪನಿಗೆ 482 ಪೌಂಡ್ ಬರಬೇಕಿತ್ತು. ಕೊಡಬೇಕಾದವರು 300 ತೆಗೆದುಕೊಳ್ಳಿ, ಇಲ್ಲದಿದ್ದರೆ ಏನೂ ಇಲ್ಲ ಎಂದು ಒತ್ತಡ ಹಾಕಿ ಒಪ್ಪಿಸಿದರು. ಹೀಗೆ ಹಿಂಡಿ ಪಡೆದ ಮಾತಿಗೆ ರಕ್ಷಣೆಯಿಲ್ಲ ಎಂದರು ಡೆನ್ನಿಂಗ್. ಉಳಿದ ಹಣ ಕೊಡಲೇಬೇಕಾಯಿತು.

ನಮ್ಮ ದೇಶದಲ್ಲಿ ಈ ದಾರಿ ಇನ್ನೂ ಸುಲಭ. 1872ರ ಭಾರತೀಯ ಕರಾರು ಕಾಯ್ದೆಯ 63ನೇ ಕಲಮಿನ ಪ್ರಕಾರ, ತನಗೆ ಬರಬೇಕಾದದ್ದನ್ನು ಪೂರ್ತಿಯಾಗಿಯೋ ಭಾಗಶಃವೋ ಬಿಟ್ಟುಕೊಡಲು ಪ್ರತಿಫಲ ಬೇಕಿಲ್ಲ. ಆದ್ದರಿಂದ ಮಾಲೀಕ ನಿಜಕ್ಕೂ ಬಿಟ್ಟುಕೊಟ್ಟಿದ್ದನೇ, ಎಷ್ಟು ಕಾಲಕ್ಕೆ ಬಿಟ್ಟುಕೊಟ್ಟಿದ್ದ ಎಂಬ ಎರಡು ಪ್ರಶ್ನೆಗಳೇ ಇಲ್ಲಿ ಮುಖ್ಯವಾಗುತ್ತವೆ. ಬಾಯಿಮಾತಿನಲ್ಲಿ ಬಾಡಿಗೆ ಇಳಿದಾಗ ಇವೆರಡನ್ನೂ ಸಾಬೀತು ಮಾಡುವುದು ಕಷ್ಟ. ತಿಂಗಳ ರಸೀದಿಯಲ್ಲಿ ಪೂರ್ತಿ ಸಂದಾಯ ಎಂದಿದೆಯೋ, ಲೆಕ್ಕದಲ್ಲಿ ಜಮಾ ಎಂದಷ್ಟೇ ಇದೆಯೋ ಎಂಬುದರ ಮೇಲೆ ವಾದ ನಿಲ್ಲಬಹುದು. ಬಾಡಿಗೆ ಇಳಿಸುವವರೂ ಇಳಿಸಿಕೊಳ್ಳುವವರೂ ಆ ಒಪ್ಪಂದವನ್ನು ಒಂದು ಹಾಳೆಯಲ್ಲಿ ಬರೆದು ಸಹಿ ಮಾಡಿಕೊಳ್ಳಲಿ. ಅದರಲ್ಲಿ ಮೊತ್ತದ ಜೊತೆಗೆ ಇಳಿಸಿದ ಕಾರಣವನ್ನೂ, ಯಾವಾಗಿನಿಂದ ಯಾವಾಗಿನವರೆಗೆ ಎಂಬುದನ್ನೂ ತಪ್ಪದೆ ನಮೂದಿಸಲಿ.